ಕಾಲುವೆಗೆ ಬಿಟ್ಟ ನೀರು ಲೆಕ್ಕದಲ್ಲಿ ಎಲ್ಲಿ ಸೋರಿತು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಹಾಪುರದ ಕಡೆಯವನು, ಕಲಬುರಗಿಯಲ್ಲಿ ಎಂ.ಟೆಕ್ ಮಾಡ್ತಿದ್ದೀನಿ. ಗೇಟು ತೆರೆದಾಗ ಕಾಲುವೆಯಲ್ಲಿ ನೀರು ಹೇಗೆ ಮುಂದೆ ಹೋಗುತ್ತೆ ಅನ್ನೋದು ನನ್ನ ಪ್ರಾಜೆಕ್ಟ್. ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದಿದ್ದೀನಿ. ಒಳಗೆ ಬಿಟ್ಟ ನೀರಿಗೂ ಕಾಲುವೆಯಲ್ಲಿ ಇರೋ ನೀರಿಗೂ ಲೆಕ್ಕ ಕೂಡ್ತಿಲ್ಲ, ಯಾವಾಗಲೂ ಕಡಿಮೆ ಬರುತ್ತೆ. ಗ್ರಿಡ್ 100 ಮೀಟರಿನಿಂದ 10 ಮೀಟರಿಗೆ ಇಳಿಸಿದೆ, ಸರಿಹೋಗಲಿಲ್ಲ. ಕಾಲುವೆ ಪೂರ್ತಿ ಒಣಗಿದೆ ಅಂತ ಕೊಟ್ಟರೆ ನೀರು ಮುಂದಕ್ಕೆ ಕದಲೋದೇ ಇಲ್ಲ. ಇದು ಕಂಪ್ಯೂಟರಿನ ದಶಾಂಶದ ತಪ್ಪಾ? ಪ್ರತಿ ಹೆಜ್ಜೆಯಲ್ಲೂ ಒಟ್ಟು ಮೊತ್ತ ಸರಿಹೋಗೋ ಹಾಗೆ ಗುಣಿಸಿಬಿಡು ಅಂತ ಒಬ್ಬರು ಹೇಳಿದರು. ಗೆಳೆಯ ಫೈನೈಟ್ ವಾಲ್ಯೂಮ್ ಬಳಸು ಅಂತಾನೆ. ಆದರೆ ಸಮಾನ ಅಂತರದ ಗ್ರಿಡ್‌ನಲ್ಲಿ ಅದೂ ಫೈನೈಟ್ ಡಿಫರೆನ್ಸೂ ಒಂದೇ ಅಲ್ವಾ? ನಾನು ಬರೆದ ಸಮೀಕರಣ `A_t + c(A) A_x = 0`.

ಉತ್ತರ: ನೀವು ಕೊನೆಯಲ್ಲಿ ಆ ಸಮೀಕರಣ ಬರೆದಿದ್ದು ಒಳ್ಳೆಯದಾಯಿತು. ನೀರು ಸೋರುತ್ತಿರುವುದು ಅಲ್ಲೇ. ದಶಾಂಶದ ತಪ್ಪು ಖಂಡಿತ ಅಲ್ಲ. ಕಂಪ್ಯೂಟರ್ ಮಾಮೂಲಿಯಾಗಿ ಹದಿನೈದು ಹದಿನಾರು ಅಂಕಿಗಳವರೆಗೆ ಸರಿಯಾಗಿ ಲೆಕ್ಕ ಇಡುತ್ತದೆ. ಅದರಿಂದ ಆಗುವ ವ್ಯತ್ಯಾಸ ಲಕ್ಷ ಕೋಟಿಗೆ ಒಂದು ಪಾಲಿನ ಆಸುಪಾಸು ಇರಬಹುದು. ಕಣ್ಣಿಗೆ ಕಾಣುವಷ್ಟು ನೀರು ಹಾಗೆ ಮಾಯ ಆಗುವುದಿಲ್ಲ.

ಮೊದಲು ಕಾಲುವೆಯನ್ನೇ ನೋಡೋಣ. ನಾರಾಯಣಪುರ ಎಡದಂಡೆ ಕಾಲುವೆ ನಿಮಗೆ ಚಿಕ್ಕಂದಿನಿಂದ ಗೊತ್ತು. ಅದರ ಒಂದು ಉದ್ದವನ್ನು ನೂರು ನೂರು ಮೀಟರಿನ ತುಂಡುಗಳಾಗಿ ಭಾಗ ಮಾಡಿದ್ದೇವೆ ಅಂದುಕೊಳ್ಳಿ. ಈ ತುಂಡೇ ಸೆಲ್. ಎರಡು ತುಂಡು ಸೇರುವ ಜಾಗದಲ್ಲಿ ಒಬ್ಬೊಬ್ಬರು ರಿಜಿಸ್ಟರ್ ಹಿಡಿದು ಕೂತಿದ್ದಾರೆ. ಇಷ್ಟು ಹೊತ್ತಿನಲ್ಲಿ ಈ ಗಡಿ ದಾಟಿದ ನೀರು ಇಷ್ಟು ಎಂದು ಅವರು ಒಂದೇ ಅಂಕಿ ಬರೆಯುತ್ತಾರೆ. ಮೇಲಿನ ತುಂಡಿನ ಲೆಕ್ಕದಲ್ಲಿ ಆ ಅಂಕಿ ಕಳೆಯಬೇಕು. ಕೆಳಗಿನ ತುಂಡಿನ ಲೆಕ್ಕದಲ್ಲಿ ಅದೇ ಅಂಕಿ ಕೂಡಿಸಬೇಕು. ಫೈನೈಟ್ ವಾಲ್ಯೂಮ್ ವಿಧಾನದ ಜೀವ ಇಷ್ಟರಲ್ಲೇ ಇದೆ: ಒಂದು ಗಡಿಗೆ ಒಂದೇ ಅಂಕಿ. ಆ ಅಂಕಿಯನ್ನು ಸೆಕೆಂಡಿನ ಲೆಕ್ಕಕ್ಕೆ ಇಳಿಸಿದರೆ ಅದಕ್ಕೆ ಫ್ಲಕ್ಸ್ ಅನ್ನುತ್ತೇವೆ.

ಮೂರು ಸೆಲ್ ಇದ್ದರೆ ನಾಲ್ಕು ಗಡಿ. ಮೂರರ ಲೆಕ್ಕವನ್ನೂ ಕೂಡಿಸಿ ನೋಡಿ:

`(F0 − F1) + (F1 − F2) + (F2 − F3) = F0 − F3`

ನಡುವಿನ `F1`, `F2` ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ, ಹಾಗಾಗಿ ಹೊಡೆದುಹೋಗುತ್ತವೆ. ಉಳಿಯುವುದು ತಲೆಯಲ್ಲಿ ಒಳಬಂದದ್ದು ಮತ್ತು ಕೊನೆಯಲ್ಲಿ ಹೊರಹೋದದ್ದು ಮಾತ್ರ. ಇಲ್ಲಿ ಒಂದು ವಿಷಯ ಗಮನಿಸಿ, ತುಂಬಾ ಜನ ಇದನ್ನು ದಾಟಿಕೊಂಡು ಹೋಗುತ್ತಾರೆ. `F1` ಸರಿಯಾದ ಅಂಕಿಯೇ ಆಗಿರಬೇಕು ಎಂದು ನಾವು ಎಲ್ಲೂ ಹೇಳಿಲ್ಲ. ಗಡಿಯಲ್ಲಿ ಕೂತವರು ತಪ್ಪು ಅಳತೆ ಬರೆದರೂ, ಎರಡೂ ಕಡೆಯವರು ಅದೇ ತಪ್ಪನ್ನು ಬಳಸಿದರೆ ಒಟ್ಟು ನೀರು ಒಂದು ಹನಿಯೂ ಹೆಚ್ಚುಕಡಿಮೆ ಆಗುವುದಿಲ್ಲ. ನೀರು ತಪ್ಪು ಸೆಲ್‌ನಲ್ಲಿ ಕೂರಬಹುದು, ಆದರೆ ಕಾಲುವೆಯ ಒಟ್ಟು ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಗ್ರಿಡ್ ದೊಡ್ಡದೋ ಸಣ್ಣದೋ, ಸೆಲ್‌ಗಳ ಉದ್ದ ಒಂದೇ ಇದೆಯೋ ಇಲ್ಲವೋ, ಈ ಮಾತು ಬದಲಾಗುವುದಿಲ್ಲ.

ಈಗ ನಿಮ್ಮ ಪ್ರೋಗ್ರಾಮಿಗೆ ಬರೋಣ. ಕಾಗದ ಪೆನ್ನು ತೆಗೆದುಕೊಳ್ಳಿ, ಇದನ್ನು ಕೈಯಲ್ಲೇ ಮಾಡಬಹುದು. ನೀರಿನ ಅಡ್ಡ ವಿಸ್ತೀರ್ಣ `A`, ಚದರ ಮೀಟರಿನಲ್ಲಿ. ಹರಿವು `Q`, ಸೆಕೆಂಡಿಗೆ ಘನ ಮೀಟರಿನಲ್ಲಿ. ಲೆಕ್ಕ ಸುಲಭವಾಗಲಿ ಎಂದು `Q = 0.1 A²` ಇಟ್ಟುಕೊಳ್ಳೋಣ. ಅಗಲವಾದ ಕಾಲುವೆಗೆ ಮ್ಯಾನಿಂಗ್ ಸೂತ್ರದಿಂದ ಬರುವ ಘಾತ 5/3, ಎರಡಲ್ಲ. ಆದರೆ ನಾನು ತೋರಿಸಬೇಕಾದ ತಪ್ಪು ಎರಡರಲ್ಲೂ ಒಂದೇ ರೀತಿ ಆಗುತ್ತದೆ.

ಮೇಲಿನ ಸೆಲ್‌ಗಳಲ್ಲಿ `A = 10`, ಅಂದರೆ ಹರಿವು 10. ಕೆಳಗಿನ ಸೆಲ್‌ಗಳಲ್ಲಿ `A = 2`, ಅಂದರೆ ಹರಿವು 0.4. ನಡುವೆ ನೀರಿನ ಒಂದು ಮೆಟ್ಟಿಲು. ಸೆಲ್ ಉದ್ದ 100 ಮೀಟರ್, ಒಂದು ಹೆಜ್ಜೆ 25 ಸೆಕೆಂಡ್. ಆ 25 ಸೆಕೆಂಡಿನಲ್ಲಿ ತಲೆಯಿಂದ 250 ಘನ ಮೀಟರ್ ಒಳಬರುತ್ತದೆ, ಬಾಲದಿಂದ 10 ಘನ ಮೀಟರ್ ಹೊರಹೋಗುತ್ತದೆ. ಕಾಲುವೆಯಲ್ಲಿ 240 ಘನ ಮೀಟರ್ ಜಾಸ್ತಿ ಆಗಲೇಬೇಕು. ಇದಕ್ಕೆ ಯಾವ ಗಣಿತದ ವಿಧಾನದ ಒಪ್ಪಿಗೆಯೂ ಬೇಕಿಲ್ಲ.

ನಿಮ್ಮ ವಿಧಾನದಲ್ಲಿ `c(A) = dQ/dA = 0.2 A`. ಮೆಟ್ಟಿಲಿನ ಕೆಳಗಿನ ಮೊದಲ ಸೆಲ್‌ಗೆ ಬರುವ ಹೊಸ ಬೆಲೆ:

`2 − 0.25 × 0.4 × (2 − 10) = 2.8`

ಉಳಿದ ಯಾವ ಸೆಲ್ ಕೂಡ ಬದಲಾಗುವುದಿಲ್ಲ. ಅಂದರೆ ಜಾಸ್ತಿಯಾದದ್ದು 0.8 × 100, ಬರೀ 80 ಘನ ಮೀಟರ್. ಮೊದಲ ಹೆಜ್ಜೆಯಲ್ಲೇ 160 ಘನ ಮೀಟರ್ ಇಲ್ಲ.

ಗಡಿಯ ಲೆಕ್ಕದಲ್ಲಿ ಅದೇ ಸೆಲ್:

`2 − 0.25 × (0.4 − 10) = 4.4`

ಜಾಸ್ತಿಯಾದದ್ದು 2.4 × 100, ಸರಿಯಾಗಿ 240. ಇನ್ನೊಂದು ಹೆಜ್ಜೆ ಹಾಕೋಣ, ಮೊದಲ ಸಲ ಸುಮ್ನೆ ಹೊಂದಿಕೆಯಾಯಿತೇನೋ ಎಂಬ ಅನುಮಾನ ಉಳಿಯಬಾರದು. ಈಗ 4.4 ಇರುವ ಸೆಲ್‌ನ ಹರಿವು 1.936. ಆ ಸೆಲ್ 6.416 ಆಗುತ್ತದೆ, ಅದರ ಕೆಳಗಿನದು 2.384 ಆಗುತ್ತದೆ. ಒಂದು 2.016 ಏರಿತು, ಇನ್ನೊಂದು 0.384 ಏರಿತು. ಎರಡೂ ಸೇರಿ ಮತ್ತೆ 2.4. ನಿಮ್ಮ ವಿಧಾನದಲ್ಲಿ ಎರಡನೇ ಹೆಜ್ಜೆಗೆ ಸೆಲ್‌ಗಳು 3.808 ಮತ್ತು 2.08 ಆಗುತ್ತವೆ. ಒಟ್ಟು ಏರಿಕೆ 108.8 ಘನ ಮೀಟರ್, ಬೇಕಾದದ್ದು 240.

ಯಾಕೆ ಹೀಗೆ? ಕಲನಶಾಸ್ತ್ರದ ಪ್ರಕಾರ `Q_x` ಮತ್ತು `c(A) A_x` ಎರಡೂ ಒಂದೇ. ನೀರಿನ ಮಟ್ಟ ನಿಧಾನವಾಗಿ ಬದಲಾಗುವ ಕಡೆ ಅದು ನಿಜ. ಸೆಲ್‌ಗಳಿಗೆ ಇಳಿಸಿದಾಗ ಏನಾಗುತ್ತದೆ ನೋಡಿ. ಒಂದು ಸೆಲ್‌ನ ಬೆಲೆ `a`, ಅದರ ಮೇಲಿನ ಸೆಲ್‌ನ ಬೆಲೆ `b` ಆದರೆ, ಎರಡು ಹರಿವುಗಳ ವ್ಯತ್ಯಾಸವನ್ನು ಹೀಗೆ ಬಿಡಿಸಬಹುದು:

`0.1 (a² − b²) = 0.1 (a + b)(a − b)`

ನೀವು `(a + b)` ಇರಬೇಕಾದ ಕಡೆ `2a` ಬರೆದಿದ್ದೀರಿ. ಪಕ್ಕದ ಎರಡು ಸೆಲ್‌ಗಳು 5 ಮತ್ತು 5.01 ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಒಂದು ಕಡೆ 2, ಇನ್ನೊಂದು ಕಡೆ 10. `a + b` ಎಂದರೆ 12, `2a` ಎಂದರೆ 4. ಮೂರನೇ ಒಂದು ಪಾಲು. 240ಕ್ಕೆ ಬದಲು 80 ಬಂದದ್ದು ಇದೇ ಲೆಕ್ಕದಿಂದ. ಕಾಲುವೆ ಒಣಗಿದ್ದರೆ `a = 0`, ಆಗ `2a` ಕೂಡ ಸೊನ್ನೆ. ಒಣ ಸೆಲ್ ತನ್ನ ವೇಗ ಸೊನ್ನೆ ಎಂದು ಹೇಳಿ ಪಕ್ಕದ ನೀರನ್ನು ಬರಲು ಬಿಡುವುದಿಲ್ಲ. ನಿಮ್ಮ ನೀರು ಕದಲದೆ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ರಿಜಿಸ್ಟರಿನ ಮಾತಿನಲ್ಲಿ ಹೇಳುವುದಾದರೆ, ನಿಮ್ಮ ವಿಧಾನದಲ್ಲಿ ಗಡಿಯಲ್ಲಿ ಯಾರೂ ಕೂತಿಲ್ಲ. ಪ್ರತಿ ಸೆಲ್ ತನ್ನ ಬೆಲೆ ನೋಡಿಕೊಂಡು, ನನಗೆ ಇಷ್ಟು ಬಂತು ಎಂದು ತಾನೇ ಬರೆದುಕೊಳ್ಳುತ್ತಿದೆ. ಮೇಲಿನವರು 250 ಕಳಿಸಿದೆ ಅನ್ನುತ್ತಾರೆ, ಕೆಳಗಿನವರ ಪುಸ್ತಕದಲ್ಲಿ ಅಷ್ಟು ಬಂದೇ ಇಲ್ಲ.

ಗ್ರಿಡ್ ಸಣ್ಣದು ಮಾಡಿದರೂ ಸರಿಹೋಗದ ಕಾರಣವೂ ಈಗ ಸಿಗುತ್ತದೆ. ಸೆಲ್ 10 ಮೀಟರ್, ಹೆಜ್ಜೆ 2.5 ಸೆಕೆಂಡ್ ಮಾಡಿದರೆ ಆ 0.25 ಎಂಬ ಅನುಪಾತ ಹಾಗೇ ಉಳಿಯುತ್ತದೆ. ಮೆಟ್ಟಿಲು ಕೂಡ 10ರಿಂದ 2ಕ್ಕೇ ಇಳಿಯುತ್ತದೆ. ಹಾಗಾಗಿ ಮತ್ತೆ 2.8, ಮತ್ತೆ 3.808. ಹೆಜ್ಜೆಗೆ ಕಳೆದುಹೋಗುವ ನೀರು ಹತ್ತನೇ ಒಂದು ಪಾಲಾಯಿತು, ಆದರೆ ಹೆಜ್ಜೆಗಳು ಹತ್ತುಪಟ್ಟಾದವು. ಮೆಟ್ಟಿಲಿನ ನಿಜವಾದ ವೇಗ ಗಡಿ ಲೆಕ್ಕದಿಂದಲೇ ಬರುತ್ತದೆ: ಹರಿವಿನ ವ್ಯತ್ಯಾಸ 9.6, ವಿಸ್ತೀರ್ಣದ ವ್ಯತ್ಯಾಸ 8, ಭಾಗಿಸಿದರೆ ಸೆಕೆಂಡಿಗೆ 1.2 ಮೀಟರ್. ಗಂಟೆಗೆ 4,320 ಮೀಟರ್. ಇದನ್ನು ರ‍್ಯಾಂಕಿನ್–ಹ್ಯೂಗೋನಿಯೋ ನಿಯಮ ಅನ್ನುತ್ತಾರೆ. ನಿಮ್ಮ ವಿಧಾನ ಗ್ರಿಡ್ ಸಣ್ಣದಾದಂತೆ ಒಂದು ಸ್ಥಿರವಾದ ಉತ್ತರಕ್ಕೇ ಬರುತ್ತದೆ, ಆದರೆ ಅದು ಈ ವೇಗವಲ್ಲ. ಗ್ರಾಫ್ ನುಣುಪಾಗಿ, ನಂಬುವ ಹಾಗೆ ಇರುತ್ತದೆ. ನೀರು ಬಾಲದ ರೈತರಿಗೆ ಯಾವಾಗ ಮುಟ್ಟುತ್ತದೆ ಎಂಬ ಸಮಯ ಮಾತ್ರ ತಪ್ಪು. ನಿಮ್ಮ ಊರಿನ ಕಡೆ ಆ ಸಮಯಕ್ಕೆ ಎಷ್ಟು ಬೆಲೆ ಇದೆ ಎಂದು ನಾನು ಹೇಳಬೇಕಿಲ್ಲ.

1960ರಲ್ಲಿ ಪೀಟರ್ ಲ್ಯಾಕ್ಸ್ ಮತ್ತು ಬರ್ಟನ್ ವೆಂಡ್ರಾಫ್ ಇದರ ಇನ್ನೊಂದು ಮುಖವನ್ನು ಸಾಧಿಸಿ ತೋರಿಸಿದರು. ಗಡಿ ಲೆಕ್ಕದ ರೂಪದಲ್ಲಿರುವ ವಿಧಾನ, ಗ್ರಿಡ್ ಸಣ್ಣದಾದಂತೆ ಒಂದು ಉತ್ತರಕ್ಕೆ ಹೋಗಿ ನಿಂತರೆ, ಆ ಉತ್ತರ ಮೂಲ ಸಂರಕ್ಷಣಾ ನಿಯಮವನ್ನು ಮೆಟ್ಟಿಲು ಇರುವ ಕಡೆಯೂ ಪಾಲಿಸುತ್ತದೆ. ಅಂದರೆ ಮೆಟ್ಟಿಲಿನ ವೇಗ ಸರಿಯಾಗಿ ಬರುತ್ತದೆ. "ಹೋಗಿ ನಿಂತರೆ" ಎಂಬ ಷರತ್ತು ನೆನಪಿರಲಿ, ಮುಂದೆ ಅದು ಬೇಕಾಗುತ್ತದೆ.

ಇನ್ನು ಗುಣಿಸಿ ಸರಿಮಾಡುವ ಸಲಹೆ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಇದನ್ನು ಮಾಡಬೇಡಿ. ಇಪ್ಪತ್ತು ಸೆಲ್ ಇವೆ, ಹತ್ತರಲ್ಲಿ 10, ಹತ್ತರಲ್ಲಿ 2 ಎಂದುಕೊಳ್ಳಿ. ಒಟ್ಟು 12,000 ಘನ ಮೀಟರ್. ಒಂದು ಹೆಜ್ಜೆ ಆದಮೇಲೆ 12,240 ಇರಬೇಕು, ನಿಮ್ಮದು 12,080. ಗುಣಿಸಬೇಕಾದ ಅಂಕಿ ಸುಮಾರು 1.013. ಗುಣಿಸಿದರೆ ಮೇಲಿನ 10 ಎಲ್ಲವೂ 10.13 ಆಗುತ್ತವೆ, ಏನೂ ನಡೆಯದೆ ಇದ್ದ ಕಡೆ ನೀರು ಏರಿತು. ದೂರದ 2 ಕೂಡ 2.03 ಆಯಿತು, ಅಲ್ಲಿಗೆ ಅಲೆ ಇನ್ನೂ ಮುಟ್ಟಿಯೇ ಇಲ್ಲ. ನೀರು ನಿಜವಾಗಿ ಬೇಕಿದ್ದ ಸೆಲ್‌ಗೆ ಸಿಕ್ಕಿದ್ದು 2.84, ಇರಬೇಕಾದದ್ದು 4.4. ಮೊತ್ತ ಸರಿಯಾಯಿತು, ಕಾಯಿಲೆ ಹಾಗೇ ಇದೆ, ಕಾಯಿಲೆ ತೋರಿಸುತ್ತಿದ್ದ ಗುರುತು ಮಾತ್ರ ಅಳಿಸಿಹೋಯಿತು.

ನಿಮ್ಮ ಗೆಳೆಯನ ಮಾತಿಗೆ ಬರೋಣ. ಸಮಾನ ಗ್ರಿಡ್‌ನಲ್ಲಿ ಎರಡರ ಸೂತ್ರವೂ ಒಂದೇ ಆಗಬಹುದು, ನಿಜ. `Q` ವ್ಯತ್ಯಾಸವನ್ನೇ ತೆಗೆದುಕೊಳ್ಳುವ ಫೈನೈಟ್ ಡಿಫರೆನ್ಸ್ ಬರೆದರೆ ನೀರು ಸೋರುವುದಿಲ್ಲ. ಹೆಸರಿನಿಂದ ಏನೂ ಆಗುವುದಿಲ್ಲ. ಬದಲಾಗುವುದು ಅಂಕಿಯ ಅರ್ಥ. ಫೈನೈಟ್ ಡಿಫರೆನ್ಸ್‌ನಲ್ಲಿ `A` ಎಂದರೆ ಒಂದು ಬಿಂದುವಿನ ಬೆಲೆ. ಫೈನೈಟ್ ವಾಲ್ಯೂಮ್‌ನಲ್ಲಿ ಅದು ಇಡೀ ಸೆಲ್‌ನ ಸರಾಸರಿ, ಸೆಲ್ ಉದ್ದದಿಂದ ಗುಣಿಸಿದರೆ ಅಷ್ಟು ನೀರು. ಒಂದು ಸೆಲ್ 100 ಮೀಟರ್, ಪಕ್ಕದ್ದು 40 ಮೀಟರ್ ಇದ್ದಾಗ ಇದರ ಉಪಯೋಗ ತಿಳಿಯುತ್ತದೆ. ಗಡಿಯ 250 ಘನ ಮೀಟರನ್ನು ಒಬ್ಬರು 100ರಿಂದ ಭಾಗಿಸುತ್ತಾರೆ, ಇನ್ನೊಬ್ಬರು 40ರಿಂದ. ಏರಿಕೆ ಇಳಿಕೆ ಬೇರೆ ಬೇರೆ, ನೀರು ಅದೇ 250. ಎರಡು ಆಯಾಮಕ್ಕೆ ಹೋಗಿ ಭೀಮಾ ನದಿಯ ತಿರುವುಗಳಿಗೆ ತ್ರಿಕೋನ ಸೆಲ್ ಹಾಕಿದರೂ ಇದೇ ಲೆಕ್ಕ. ಪ್ರತಿ ಅಂಚಿಗೆ ಒಂದು ಅಂಕಿ.

ಪ್ರೋಗ್ರಾಮಿನಲ್ಲಿ ಗಡಿಗಳಿಗೆ ಬೇರೆ ಪಟ್ಟಿಯನ್ನೇ ಇಡಿ. `N` ಸೆಲ್‌ಗೆ `N+1` ಗಡಿ. ನಿಮ್ಮ ಮಾದರಿಯಲ್ಲಿ ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹೋಗುತ್ತದೆ, ಹಾಗಾಗಿ ಗಡಿಯ ಹರಿವನ್ನು ಅದರ ಮೇಲಿನ ಸೆಲ್‌ನಿಂದ ತೆಗೆದುಕೊಳ್ಳಬಹುದು.

```python
F[0] = Q_in
F[1:] = 0.1 * A**2
A -= dt/dx * (F[1:] - F[:-1])
V_net += dt * (F[0] - F[-1])
err = dx*A.sum() - V0 - V_net
```

ಕೊನೆಯ ಎರಡು ಸಾಲುಗಳನ್ನು ಎಂದೂ ಅಳಿಸಬೇಡಿ. `V0` ಎಂದರೆ ಶುರುವಿನಲ್ಲಿ ಇದ್ದ ನೀರು, `V_net` ಎಂದರೆ ಇಲ್ಲಿಯವರೆಗೆ ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದು ಉಳಿದದ್ದು. `err` ಅನ್ನು ಒಟ್ಟು ನೀರಿನಿಂದ ಭಾಗಿಸಿದರೆ `1e-12` ಅಥವಾ ಅದಕ್ಕೂ ಸಣ್ಣ ಅಂಕಿ ಬರಬೇಕು. `1e-3` ಬಂದರೆ ಅದು ದಶಾಂಶ ಅಲ್ಲ, ಎಲ್ಲೋ ಒಂದು ಗಡಿಗೆ ಎರಡು ಅಂಕಿ ಸೇರಿಕೊಂಡಿದೆ.

ಅದು ಹೇಗೆ ಸೇರಿಕೊಳ್ಳುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಹಿಂದೆ ಒಂದು ಕಚೇರಿಯಿಂದ ನನ್ನ ಹತ್ತಿರ ಒಂದು ಪ್ರೋಗ್ರಾಮ್ ಬಂದಿತ್ತು. ಸೂತ್ರ ಸರಿ, ಗಡಿ ಲೆಕ್ಕವೂ ಸರಿ, ಆದರೂ ನೀರು ಹೆಚ್ಚಾಗುತ್ತಿತ್ತು. ಎರಡು ದಿನ ಕೂತು ನೋಡಿದೆ. ಅವರು ಲೂಪ್ ಹಾಕಿ ಒಂದೊಂದೇ ಸೆಲ್ ಬದಲಿಸುತ್ತಿದ್ದರು, ಗಡಿಯ ಹರಿವನ್ನು ಲೂಪಿನ ಒಳಗೇ ಆಗಾಗ ಲೆಕ್ಕ ಹಾಕುತ್ತಿದ್ದರು. ನಮ್ಮ ಅಂಕಿಗಳಲ್ಲೇ ನೋಡಿ. ಮೊದಲ ಸೆಲ್ ಬದಲಿಸುವಾಗ ಅದರ ಕೆಳಗಿನ ಗಡಿಯಲ್ಲಿ 0.4 ಹೊರಹೋಯಿತು. ಸೆಲ್ 4.4 ಆಯಿತು. ಈಗ ಎರಡನೇ ಸೆಲ್‌ಗೆ ಅದೇ ಗಡಿಯ ಹರಿವನ್ನು ಮತ್ತೆ ಲೆಕ್ಕ ಹಾಕಿದರೆ ಹೊಸ 4.4ರಿಂದ 1.936 ಬರುತ್ತದೆ. ಹೋದದ್ದು 0.4, ಬಂದದ್ದು 1.936. ಆ ಒಂದು ಗಡಿಯಲ್ಲಿ, 25 ಸೆಕೆಂಡಿನಲ್ಲಿ, 38.4 ಘನ ಮೀಟರ್ ನೀರು ಗಾಳಿಯಿಂದ ಹುಟ್ಟಿತು. ಎಲ್ಲ ಗಡಿಗಳನ್ನೂ ಮೊದಲು ಲೆಕ್ಕ ಹಾಕಿ, ಆಮೇಲೆ ಸೆಲ್‌ಗಳನ್ನು ಮುಟ್ಟಿದರೆ ಈ ತೊಂದರೆಯೇ ಇಲ್ಲ. ಇನ್ನೊಂದು ಮಾಮೂಲಿ ತಪ್ಪು, `A` ಸೊನ್ನೆಗಿಂತ ಕೆಳಗೆ ಹೋದಾಗ ಅದನ್ನು ಸೊನ್ನೆ ಎಂದು ತಿದ್ದುವುದು. ಹಾಗೆ ತಿದ್ದಿದ ಪ್ರತಿ ಸಲವೂ ನೀವು ಕಾಲುವೆಗೆ ನೀರು ಸುರಿಯುತ್ತಿದ್ದೀರಿ. ತಿದ್ದುವ ಬದಲು ಅದು ಯಾಕೆ ಕೆಳಗೆ ಹೋಯಿತು ಎಂದು ನೋಡಿ.

ಈಗ ಎಚ್ಚರಿಕೆಯ ಮಾತು. ಲೆಕ್ಕ ಕೂಡಿತು ಎಂದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ. ಗಡಿಯ ಹರಿವನ್ನು ಮೇಲಿನ ಸೆಲ್‌ನಿಂದ ತೆಗೆದುಕೊಳ್ಳುವ ಬದಲು ಎರಡೂ ಕಡೆಯ ಸರಾಸರಿ ಮಾಡೋಣ. ಎರಡರ ನಡುವೆ ಇರುವುದು ನ್ಯಾಯ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. 10 ಮತ್ತು 0.4ರ ಸರಾಸರಿ 5.2. ಮೆಟ್ಟಿಲಿನ ಮೇಲಿನ ಸೆಲ್‌ಗೆ 10 ಬಂತು, 5.2 ಹೋಯಿತು, ಅದು 11.2 ಆಯಿತು. ಕೆಳಗಿನದು 3.2 ಆಯಿತು. ಏರಿಕೆ 1.2 ಮತ್ತು 1.2, ಒಟ್ಟು 2.4, ಅದೇ 240 ಘನ ಮೀಟರ್. ಮೊತ್ತ ಪಕ್ಕಾ ಇದೆ. ಆದರೆ 10ಕ್ಕಿಂತ ಜಾಸ್ತಿ ನೀರು ಎಲ್ಲೂ ಇರಲಿಲ್ಲ, 11.2ರ ಗುಡ್ಡ ಎಲ್ಲಿಂದ ಬಂತು? ಮುಂದಿನ ಹೆಜ್ಜೆಗಳಲ್ಲಿ ಈ ಗುಡ್ಡ ಬೆಳೆದು ಇಡೀ ಲೆಕ್ಕ ಕೆಡುತ್ತದೆ. ಲ್ಯಾಕ್ಸ್–ವೆಂಡ್ರಾಫ್ ಷರತ್ತು ಇಲ್ಲಿ ಬೇಕಾಗುತ್ತದೆ, ಈ ವಿಧಾನ ಎಲ್ಲೂ ಹೋಗಿ ನಿಲ್ಲುವುದಿಲ್ಲ. ಹರಿವನ್ನು ಮೇಲಿನ ಸೆಲ್‌ನಿಂದಲೇ ತೆಗೆದುಕೊಂಡು, ಹೆಜ್ಜೆಯನ್ನು 100 ಸೆಕೆಂಡ್ ಮಾಡಿದರೂ ಹೀಗೆಯೇ. ಮೆಟ್ಟಿಲಿನ ಕೆಳಗಿನ ಮೊದಲ ಸೆಲ್ 2ರಿಂದ ಒಂದೇ ಸಲಕ್ಕೆ 11.6ಕ್ಕೆ ಹಾರುತ್ತದೆ. ಇಲ್ಲಿ ಅಲೆಯ ಗರಿಷ್ಠ ವೇಗ `0.2 × 10`, ಸೆಕೆಂಡಿಗೆ 2 ಮೀಟರ್. ಒಂದು ಹೆಜ್ಜೆಯಲ್ಲಿ ಅದು ಒಂದು ಸೆಲ್ ದಾಟಬಾರದು, ಅಂದರೆ ಹೆಜ್ಜೆ 50 ಸೆಕೆಂಡ್ ಮೀರಬಾರದು.

ಹಾಗಾಗಿ ನಿಮ್ಮ ಪ್ರಾಜೆಕ್ಟಿಗೆ ಮೊದಲು ಮೇಲಿನ ಸೆಲ್‌ನಿಂದ ಹರಿವು ತೆಗೆದುಕೊಳ್ಳುವ ಸರಳ ದಾರಿಯನ್ನೇ ಹಿಡಿಯಿರಿ. ಗೊಡುನೋವ್ 1959ರಲ್ಲಿ ಕೊಟ್ಟ ವಿಧಾನ ಈ ಸಂದರ್ಭದಲ್ಲಿ ಇದೇ ಆಗುತ್ತದೆ. ಇದರ ದೋಷ ಏನೆಂದರೆ ಮೆಟ್ಟಿಲು ನಾಲ್ಕಾರು ಸೆಲ್‌ಗಳಿಗೆ ಹರಡಿಕೊಂಡು ಮೊಂಡಾಗುತ್ತದೆ. 6.416, 2.384 ಎಂದು ಆಗಲೇ ಹರಡುತ್ತಿದ್ದದ್ದನ್ನು ನೋಡಿದಿರಲ್ಲ. ವೇಗ ಮಾತ್ರ ಸರಿ ಇರುತ್ತದೆ. ಮೊನಚು ಬೇಕೇಬೇಕು ಎಂದರೆ ಆಮೇಲೆ, ಇಲ್ಲದ ಗುಡ್ಡ ಹುಟ್ಟದಂತೆ ತಡೆಯುವ ಲಿಮಿಟರ್ ಇರುವ ಎರಡನೇ ದರ್ಜೆಯ ವಿಧಾನ ಸೇರಿಸಿ. ಅದು ಗಡಿಯ ಅಂಕಿಯನ್ನು ಚೆನ್ನಾಗಿ ಅಂದಾಜು ಮಾಡುತ್ತದೆ ಅಷ್ಟೇ, ಕೂಡುವ ಕಳೆಯುವ ಸಾಲು ಬದಲಾಗುವುದಿಲ್ಲ. ಬಾಲದ ಗೇಟು ಮುಚ್ಚಿದಾಗ ನೀರು ಹಿಂದಕ್ಕೆ ಏರುವುದನ್ನೂ ತೋರಿಸಬೇಕಿದ್ದರೆ ಈ ಒಂದು ಸಮೀಕರಣ ಸಾಲದು. ಸೇಂಟ್ ವೆನಾಂಟ್ ಸಮೀಕರಣಗಳಿಗೆ ಹೋಗಬೇಕು, ಗಡಿಯಲ್ಲಿ ನೀರಿನ ಜೊತೆ ಆವೇಗದ ಲೆಕ್ಕವನ್ನೂ ಬರೆಯಬೇಕು.

ಒಂದು ವಿಷಯ ನೀವು ಕೇಳಿಲ್ಲ, ಆದರೆ ಮುಂದೆ ಎದುರಾಗುತ್ತದೆ. ನಿಜವಾದ ಕಾಲುವೆಯಲ್ಲಿ ತೂಬುಗಳಿವೆ, ಮಣ್ಣಿಗೆ ಇಂಗುವ ನೀರೂ ಇದೆ. ಬೀದರಿನ ನೌಬಾದ್ ಸುರಂಗ ಬಾವಿಯಲ್ಲಿ ಇದು ತಿರುವುಮುರುವು, ಅಲ್ಲಿ ಒರತೆಯ ನೀರು ಒಳಗೆ ಸೇರುತ್ತದೆ. ಇವು ಸೆಲ್‌ನಿಂದ ಸೆಲ್‌ಗೆ ಹೋಗುವ ನೀರಲ್ಲ, ಹಾಗಾಗಿ ಗಡಿಯ ಅಂಕಿಯಲ್ಲಿ ಬೆರೆಸಬೇಡಿ. ಪ್ರತಿ ಸೆಲ್‌ಗೆ ಬೇರೆ ಸಾಲಿನಲ್ಲಿ ಕಳೆಯಿರಿ ಅಥವಾ ಕೂಡಿಸಿ, ಅದೇ ಅಂಕಿಯನ್ನು `V_net` ಲೆಕ್ಕಕ್ಕೂ ಸೇರಿಸಿ. ಆಗಲೂ `err` ಸೊನ್ನೆಯ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಮಣ್ಣು ಕುಡಿದ ನೀರು ಯಾವುದು, ಪ್ರೋಗ್ರಾಮ್ ಕುಡಿದ ನೀರು ಯಾವುದು ಎಂದು ಬೇರೆ ಮಾಡಲು ನಿಮಗೆ ಆಗುವುದಿಲ್ಲ.